ಅಢಾವೆ ಪತ್ರಿಕೆ ಕೂಡುತ್ತಿಲ್ಲವೇ? 36,000 ರೂಪಾಯಿ ವ್ಯತ್ಯಾಸ ಹುಡುಕಿದ ದಾರಿ

ಬೆಳಗಾವಿಯ ಒಂದು ಸಣ್ಣ ಪತ್ತಿನ ಸಹಕಾರ ಸಂಘದ ಲೆಕ್ಕ ಇದು. ಶಹಾಪುರದಲ್ಲಿ ಮುಖ್ಯ ಕಚೇರಿ, ವಡಗಾವಿ ಮತ್ತು ಟಿಳಕವಾಡಿಯಲ್ಲಿ ಒಂದೊಂದು ಶಾಖೆ. ಮಾರ್ಚ್ 31ಕ್ಕೆ ಮೂರೂ ಕಡೆಯ ಬಾಕಿಗಳನ್ನು ಒಂದೇ ಎಕ್ಸೆಲ್ ಹಾಳೆಗೆ ತಂದು ಅಢಾವೆ ಪತ್ರಿಕೆ ತಯಾರಿಸಬೇಕಿತ್ತು. ನಾನು ಹೋಗುವಷ್ಟರಲ್ಲಿ ಹಾಳೆ ತುಂಬಿಸಿ ಆಗಿತ್ತು. "ಎರಡು ದಿನಾ ಆತ್ರಿ, ಲೆಕ್ಕ ಕೂಡವಲ್ದು" ಅಂದರು ಕಾರ್ಯದರ್ಶಿ.

ಆಸ್ತಿ ಕಡೆ ಒಟ್ಟು 2,58,32,200. ಇನ್ನೊಂದು ಕಡೆ, ಅಂದರೆ ಹೊರಗಿನ ಜವಾಬ್ದಾರಿ 2,13,31,600 ಮತ್ತು ಸಂಘದ ಸ್ವಂತ ಬಂಡವಾಳ 45,36,600 ಸೇರಿ, 2,58,68,200. ಆಸ್ತಿ 36,000 ಕಡಿಮೆ.

ಮೊದಲೇ ಒಂದು ಮಾತು. ಇವತ್ತು ಬಹಳಷ್ಟು ಸಂಘಗಳಲ್ಲಿ ಲೆಕ್ಕದ ಸಾಫ್ಟ್‌ವೇರ್ ಇದೆ. ಅದರೊಳಗೆ ನಾವೆಗೂ ಜಮೆಗೂ ವ್ಯತ್ಯಾಸ ಬಂದರೆ ನಮೂದನ್ನೇ ಅದು ಒಪ್ಪುವುದಿಲ್ಲ. ಈ ತರದ ತಪ್ಪು ಹುಟ್ಟುವುದು ಅಂಕಿಯನ್ನು ಒಂದು ಕಡೆಯಿಂದ ನೋಡಿ ಇನ್ನೊಂದು ಕಡೆ ಮತ್ತೆ ಬರೆಯುವಲ್ಲಿ. ಶಾಖೆಯ ಪಟ್ಟಿಯಿಂದ ಎಕ್ಸೆಲ್‌ಗೆ, ಎಕ್ಸೆಲ್‌ನಿಂದ ವಾರ್ಷಿಕ ವರದಿ ಅಚ್ಚು ಹಾಕುವ ಪ್ರೆಸ್ಸಿಗೆ. ಹಾಗಾಗಿ ಲೆಕ್ಕ ಕೂಡದಿದ್ದಾಗ ನಾನು ಮೊದಲು ಕೇಳುವುದು ಒಂದೇ: ಈ ಅಂಕಿಗಳನ್ನು ಕೈಯಿಂದ ಎಲ್ಲಿ ತುಂಬಿಸಿದಿರಿ?

ವ್ಯತ್ಯಾಸವನ್ನೇ ಮೊದಲು ಓದಿ

ಲೆಕ್ಕ ಕೂಡದಿದ್ದರೆ ಎಲ್ಲರೂ ಮಾಡುವುದು ಅಂದರೆ ಮೇಲಿಂದ ಕೆಳಗೆ ಮತ್ತೆ ಕೂಡಿಸುವುದು. ಅದು ಬೇಡ. 36,000 ಅನ್ನೋ ಆ ವ್ಯತ್ಯಾಸದಲ್ಲೇ ಸುಳಿವು ಇದೆ. ಅದನ್ನು ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ. ಯಾವ ಕಡೆ ಕಡಿಮೆ ಇದೆ ಅನ್ನೋದನ್ನೂ ಅದರ ಪಕ್ಕ ಬರೆಯಿರಿ. ಈ ಎರಡನೇ ವಿಷಯ ಬರೆಯದೆ ಬಿಡುವವರೇ ಜಾಸ್ತಿ. ಮುಂದೆ ಅದೇ ನಮ್ಮನ್ನು ಸರಿಯಾದ ಸಾಲಿಗೆ ಕರೆದುಕೊಂಡು ಹೋಗುತ್ತದೆ.

ಮೊದಲ ಪ್ರಶ್ನೆ: ಈ ಹಾಳೆಯಲ್ಲಿ ಎಲ್ಲಾದರೂ 36,000 ಅನ್ನೋ ಮೊತ್ತವೇ ಇದೆಯಾ? ಇದ್ದರೆ ಆ ಸಾಲು ಒಟ್ಟಿನಲ್ಲಿ ಸೇರಿಲ್ಲ ಅಂತ ಅನುಮಾನ ಪಡಬೇಕು. ಎಕ್ಸೆಲ್‌ನಲ್ಲಿ ಇದಕ್ಕೆ ಎರಡು ಕಾರಣ ಸಾಮಾನ್ಯ. ಕೊನೆಗೆ ಹೊಸ ಸಾಲು ಸೇರಿಸಿರುತ್ತಾರೆ, ಮೊತ್ತದ ಸೂತ್ರ ಅಲ್ಲಿಯವರೆಗೆ ಹಿಗ್ಗಿರುವುದಿಲ್ಲ. ಇಲ್ಲವೇ ಆ ಅಂಕಿ ಅಕ್ಷರದ ರೂಪದಲ್ಲಿ ಕೂತಿರುತ್ತದೆ. ಕಣ್ಣಿಗೆ ಅಂಕಿ, ಎಕ್ಸೆಲ್‌ಗೆ ಬರೀ ಪದ. ಹಾಗಿದ್ದಾಗ ಅದು ಸಾಮಾನ್ಯವಾಗಿ ಕೋಶದ ಎಡಕ್ಕೆ ಅಂಟಿಕೊಂಡಿರುತ್ತದೆ. ಇಲ್ಲಿ 36,000 ಎಲ್ಲೂ ಇರಲಿಲ್ಲ.

ಎರಡನೇ ಪ್ರಶ್ನೆ: ಅರ್ಧ, ಅಂದರೆ 18,000 ಎಲ್ಲಾದರೂ ಇದೆಯಾ? ಆಸ್ತಿ ಕಡೆ ಬರಬೇಕಾದ ಮೊತ್ತ ಜವಾಬ್ದಾರಿ ಕಡೆ ಕೂತರೆ ಒಂದು ಕಡೆ 18,000 ಕಡಿಮೆ, ಇನ್ನೊಂದು ಕಡೆ 18,000 ಹೆಚ್ಚು. ಎರಡೂ ಸೇರಿ 36,000. ಹುಡುಕಿದರೆ ಸಿಕ್ಕೇಬಿಟ್ಟಿತು! ಶಹಾಪುರದ ಸಾಲದ ವಿವರದಲ್ಲಿ ಸಿಬ್ಬಂದಿಗೆ ಕೊಟ್ಟ ಹಬ್ಬದ ಮುಂಗಡ, ಸರಿಯಾಗಿ 18,000. ಅದರ ಖಾತೆ ತೆಗೆಸಿ, ಪಾವತಿ ಚೀಟಿ ತೆಗೆಸಿ, ಅರ್ಧ ಗಂಟೆ ನೋಡಿದೆ. ಅದು ಆಸ್ತಿ ಕಡೆಯಲ್ಲೇ, ಇರಬೇಕಾದ ಜಾಗದಲ್ಲೇ ಇತ್ತು. ಸುಮ್ನೆ ಹೊಂದಿಕೊಂಡ ಅಂಕಿ ಅಷ್ಟೇ. ಆ ಅರ್ಧ ಗಂಟೆ ಹೇಗೆ ಉಳಿಯುತ್ತಿತ್ತು ಅನ್ನೋದು ಮುಂದೆ ಬರುತ್ತದೆ.

ಮೂರನೇ ಪ್ರಶ್ನೆ: ವ್ಯತ್ಯಾಸ 9ರಿಂದ ಭಾಗ ಆಗುತ್ತದೆಯೇ? ಅಂಕಿಗಳನ್ನು ಕೂಡಿಸಿದರೆ 3 + 6 = 9. ಆಗುತ್ತದೆ. 36,000 ÷ 9 = 4,000. ಇದನ್ನೇ ಹಿಡಿದು ಹೋಗಬೇಕು.

ಒಂಬತ್ತು ಯಾಕೆ?

ಎರಡಂಕಿಯ 84 ತಗೊಳ್ಳಿ. ಅದರಲ್ಲಿ ಎಂಟು ಹತ್ತು, ನಾಲ್ಕು ಬಿಡಿ. ತಿರುವಿ 48 ಅಂತ ಬರೆದರೆ ನಾಲ್ಕು ಹತ್ತು, ಎಂಟು ಬಿಡಿ. ಹತ್ತರ ಸ್ಥಾನದಲ್ಲಿ ನಾಲ್ಕು ಹತ್ತು ಕಳೆದುಕೊಂಡೆವು, ಅಂದರೆ 40. ಬಿಡಿ ಸ್ಥಾನದಲ್ಲಿ ನಾಲ್ಕು ಗಳಿಸಿದೆವು. 40ರಲ್ಲಿ 4 ಹೋದರೆ 36. ಪಕ್ಕಪಕ್ಕದ ಯಾವ ಎರಡು ಅಂಕಿ ಅದಲುಬದಲಾದರೂ ಹೀಗೇ. ಒಂದು ಕಡೆ ಹತ್ತು ಪಟ್ಟು ಹೋಗುತ್ತದೆ, ಇನ್ನೊಂದು ಕಡೆ ಒಂದು ಪಟ್ಟು ಬರುತ್ತದೆ, ನಿವ್ವಳ ಒಂಬತ್ತು ಪಟ್ಟು. ಎಷ್ಟರ ಒಂಬತ್ತು ಪಟ್ಟು? ಆ ಎರಡು ಅಂಕಿಗಳ ನಡುವಿನ ಅಂತರದ್ದು.

ಹಾಗಾಗಿ 9ರಿಂದ ಭಾಗಿಸಿದಾಗ ಬಂದ 4,000 ನಮಗೆ ಎರಡು ವಿಷಯ ಹೇಳುತ್ತದೆ. ಮುಂದಿನ 4 ಅಂದರೆ ಅದಲುಬದಲಾದ ಎರಡು ಅಂಕಿಗಳ ಅಂತರ ನಾಲ್ಕು: 8 ಮತ್ತು 4, 5 ಮತ್ತು 1, 6 ಮತ್ತು 2, 7 ಮತ್ತು 3, 9 ಮತ್ತು 5, ಅಥವಾ 4 ಮತ್ತು 0. ಹಿಂದಿನ ಮೂರು ಸೊನ್ನೆ ಅಂದರೆ ಗೊಂದಲ ಇರುವುದು ಸಾವಿರ ಮತ್ತು ಹತ್ತು ಸಾವಿರದ ಸ್ಥಾನದಲ್ಲಿ. ಇಡೀ ಹಾಳೆಯಲ್ಲಿ ನಾವು ನೋಡಬೇಕಾದದ್ದು ಈ ಎರಡು ಸ್ಥಾನಗಳನ್ನು ಮಾತ್ರ. ಮೂವತ್ತು ಸಾಲು ಇದ್ದರೂ ಎರಡೇ ನಿಮಿಷದ ಕೆಲಸ.

ಇದೇ ಅಂಕಿ ಇನ್ನೊಂದು ತಪ್ಪಿನಿಂದಲೂ ಬರುತ್ತದೆ: ಸೊನ್ನೆ ಬಿಟ್ಟುಹೋದಾಗ ಅಥವಾ ಹೆಚ್ಚಾದಾಗ. 40,000 ಇರಬೇಕಾದಲ್ಲಿ 4,000 ಅಂತ ಬರೆದರೆ ವ್ಯತ್ಯಾಸ 36,000ವೇ. ಆಗ 9ರಿಂದ ಭಾಗಿಸಿ ಬಂದ ಮೊತ್ತವೇ ಆ ಸಣ್ಣ ಅಂಕಿ. ಆದ್ದರಿಂದ 4,000 ಅಥವಾ 40,000 ಅನ್ನೋ ಮೊತ್ತ ಹಾಳೆಯಲ್ಲಿ ಇದೆಯಾ ಅಂತ ಒಂದು ಸಲ ಕಣ್ಣಾಡಿಸಿ. ಇಲ್ಲಿ ಇರಲಿಲ್ಲ.

ಒಂಬತ್ತರಿಂದ ಭಾಗ ಆದ ಮಾತ್ರಕ್ಕೆ ಅಂಕಿ ಅದಲುಬದಲಾಗಿದೆ ಅಂತ ತೀರ್ಮಾನ ಮಾಡಬೇಡಿ. ಯಾವ ಕಾರಣದಿಂದ ಬಂದ ವ್ಯತ್ಯಾಸವೇ ಆದರೂ ಒಂಬತ್ತರಲ್ಲಿ ಒಂದು ಸಲ ಆಕಸ್ಮಿಕವಾಗಿ ಭಾಗ ಆಗೇ ಆಗುತ್ತದೆ. ಆದರೆ ಭಾಗ ಆಗದಿದ್ದರೆ, ಬರೀ ಅಂಕಿ ತಿರುವಿದ ತಪ್ಪೊಂದೇ ಇದೆ ಅನ್ನೋ ಅನುಮಾನ ಬಿಡಬಹುದು. ಬೇರೆ ಏನೋ ಇದೆ, ಅಥವಾ ಅದರ ಜೊತೆ ಇನ್ನೊಂದು ತಪ್ಪು ಸೇರಿದೆ.

ಅಡ್ಡಕ್ಕೂ ಉದ್ದಕ್ಕೂ ಕೂಡಿಸಿ

ಹಾಳೆಯ ರೂಪ ಹೀಗಿತ್ತು. ಪ್ರತಿ ಸಾಲಿನಲ್ಲಿ ಒಂದು ಬಾಬ್ತು: ನಗದು, ಸಾಲ ಬಾಕಿ, ಠೇವಣಿ ಹೀಗೆ. ಪ್ರತಿ ಕಂಬದಲ್ಲಿ ಒಂದು ಶಾಖೆ, ಕೊನೆಯ ಕಂಬದಲ್ಲಿ ಒಟ್ಟು. ಅಡ್ಡಕ್ಕೆ ಕೂಡಿಸಿದರೆ ಆ ಬಾಬ್ತಿನ ಒಟ್ಟು. ಉದ್ದಕ್ಕೆ ಕೂಡಿಸಿದರೆ ಆ ಶಾಖೆಯ ಒಟ್ಟು. ಎರಡೂ ದಾರಿಯಿಂದ ಹೋದರೂ ಬಲಗಡೆಯ ಕೆಳ ಮೂಲೆಯಲ್ಲಿ ಒಂದೇ ಮೊತ್ತ ಸಿಗಬೇಕು.

ಇಲ್ಲಿ ಸಿಕ್ಕಿತು. ಆಸ್ತಿ ಕಡೆ ಅಡ್ಡಕ್ಕೆ ಕೂಡಿಸಿದರೂ 2,58,32,200, ಉದ್ದಕ್ಕೆ ಕೂಡಿಸಿದರೂ ಅಷ್ಟೇ. ಕಾರ್ಯದರ್ಶಿಯವರು ಎರಡು ದಿನ ಇಲ್ಲೇ ಸಿಕ್ಕಿಕೊಂಡಿದ್ದು. ಅಡ್ಡ-ಉದ್ದ ಸರಿ ಇದೆ, ಹಾಗಾದರೆ ಆಸ್ತಿ ಕಡೆ ತಪ್ಪಿಲ್ಲ ಅಂತ ಜವಾಬ್ದಾರಿ ಕಡೆಯನ್ನೇ ಕೆದಕುತ್ತಿದ್ದರು. ಆದರೆ ಅಡ್ಡ-ಉದ್ದ ಸರಿ ಬಂದರೆ ಕೂಡಿಸುವುದು ಸರಿ ಇದೆ ಅಂತ ಅಷ್ಟೇ ಅರ್ಥ. ಒಳಗಿನ ಕೋಶದಲ್ಲೇ ತಪ್ಪು ಅಂಕಿ ಕೂತಿದ್ದರೆ ಅದು ಅಡ್ಡ ಮೊತ್ತದಲ್ಲೂ ಉದ್ದ ಮೊತ್ತದಲ್ಲೂ ಅಷ್ಟಕ್ಕಷ್ಟೇ ಸೇರುತ್ತದೆ. ಎರಡೂ ಒಟ್ಟಿಗೆ ತಪ್ಪುತ್ತವೆ, ಒಟ್ಟಿಗೆ ಹೊಂದುತ್ತವೆ.

ಇದರ ಉಲ್ಟಾ ಪರಿಸ್ಥಿತಿಯೂ ಇರುತ್ತದೆ. ಒಟ್ಟು ಠೇವಣಿ 2,06,65,600 ಅನ್ನು ಯಾರಾದರೂ ಸೂತ್ರ ಬಿಟ್ಟು ಕೈಯಿಂದ 2,06,56,600 ಅಂತ ಬರೆದಿದ್ದರೆ, ಮೂರು ಶಾಖೆಯ ಕಂಬಗಳೂ ಸರಿ ಇರುತ್ತವೆ. ಒಟ್ಟು ಕಂಬ ಮಾತ್ರ 9,000 ತಪ್ಪುತ್ತದೆ, ಅಡ್ಡ-ಉದ್ದ ಹೊಂದುವುದಿಲ್ಲ. ಆಗ ಶಾಖೆಗೆ ಫೋನ್ ಮಾಡುವ ಕೆಲಸವೇ ಇಲ್ಲ. ತಪ್ಪು ಒಟ್ಟು ಬರೆದ ಕೋಶದಲ್ಲೇ ಇದೆ.

ನಮ್ಮದು ಮೊದಲನೆಯ ಜಾತಿ. ಹಾಗಾಗಿ ಮುಂದಿನ ಹೆಜ್ಜೆ, ಪ್ರತಿ ಶಾಖೆಯ ಕಂಬದಲ್ಲೂ ಆಸ್ತಿಗೂ ಜವಾಬ್ದಾರಿ-ಬಂಡವಾಳಕ್ಕೂ ಬೇರೆಬೇರೆ ತಾಳೆ ನೋಡುವುದು. ಇದಕ್ಕೆ ಒಂದು ಷರತ್ತು ಇದೆ. ಶಾಖೆಗಳ ನಡುವಿನ ಬಾಕಿಯ ಸಾಲು ಹಾಳೆಯಲ್ಲಿ ಇರಲೇಬೇಕು. ಇಲ್ಲಿ ಟಿಳಕವಾಡಿ ಶಾಖೆ ಮುಖ್ಯ ಕಚೇರಿಗೆ 1,50,000 ಕಳಿಸಿತ್ತು. ಟಿಳಕವಾಡಿಯ ಕಂಬದಲ್ಲಿ ಅದು ಬರಬೇಕಾದ ಹಣ, ಶಹಾಪುರದ ಕಂಬದಲ್ಲಿ ಅಷ್ಟೇ ಮೊತ್ತ ಕಳೆಯುವ ಚಿಹ್ನೆಯ ಜೊತೆ. ಒಟ್ಟು ಕಂಬದಲ್ಲಿ ಆ ಸಾಲು ಸೊನ್ನೆ. ಕೊನೆಯ ಪತ್ರಿಕೆಯಲ್ಲಿ ಸೊನ್ನೆ ಆಗುತ್ತದಲ್ವಾ ಅಂತ ಕೆಲವರು ಆ ಸಾಲನ್ನೇ ಹಾಕುವುದಿಲ್ಲ. ಹಾಕದಿದ್ದರೆ ಶಾಖಾವಾರು ತಾಳೆ ನೋಡುವ ದಾರಿಯೇ ಮುಚ್ಚಿಹೋಗುತ್ತದೆ.

ನೋಡಿದಾಗ ಶಹಾಪುರ ಎರಡೂ ಕಡೆ 1,33,12,300, ಸರಿ. ಟಿಳಕವಾಡಿ ಎರಡೂ ಕಡೆ 44,55,000, ಸರಿ. ವಡಗಾವಿ ಆಸ್ತಿ 80,64,900, ಇನ್ನೊಂದು ಕಡೆ 81,00,900. ಪೂರ್ತಿ 36,000 ಇಲ್ಲೇ ಇತ್ತು. ಹಬ್ಬದ ಮುಂಗಡ ಇದ್ದದ್ದು ಶಹಾಪುರದ ಕಂಬದಲ್ಲಿ, ಆ ಕಂಬ ಸರಿಯಾಗೇ ಇತ್ತು. ಕಂಬಗಳನ್ನು ಮೊದಲು ನೋಡಿದ್ದರೆ ಆ 18,000ದ ಹಿಂದೆ ಹೋಗುವ ಅಗತ್ಯವೇ ಬೀಳುತ್ತಿರಲಿಲ್ಲ. ಅದಕ್ಕೇ ಈಗ ನಾನು ಕಂಬದ ತಾಳೆಯನ್ನು ಎಲ್ಲಕ್ಕಿಂತ ಮೊದಲು ಮಾಡುತ್ತೇನೆ, ಅರ್ಧ ಮತ್ತು ಒಂಬತ್ತರ ಪರೀಕ್ಷೆ ಆಮೇಲೆ.

ಇದಕ್ಕಾಗಿ ಹಾಳೆಯಲ್ಲೇ ಶಾಶ್ವತವಾಗಿ ನಾಲ್ಕು ಸೂತ್ರ ಇಟ್ಟಿದ್ದೇನೆ. ಆಸ್ತಿ 4ರಿಂದ 9ನೇ ಸಾಲು, ಅದರ ಒಟ್ಟು 10ರಲ್ಲಿ. ಜವಾಬ್ದಾರಿ ಮತ್ತು ಬಂಡವಾಳ 13ರಿಂದ 17, ಒಟ್ಟು 18ರಲ್ಲಿ. B, C, D ಶಾಖೆಗಳು, E ಒಟ್ಟು.

```
B21: =ROUND(B10-B18,2)
E22: =ROUND(SUM(B10:D10)-SUM(E4:E9),2)
E23: =ROUND(SUM(B18:D18)-SUM(E13:E17),2)
E24: =MOD(ROUND(ABS(E21)*100,0),9)
```

ಮೊದಲನೆಯದನ್ನು E ತನಕ ಎಳೆದರೆ ಶಾಖಾವಾರು ತಾಳೆಯೂ ಒಟ್ಟಿನ ತಾಳೆಯೂ ಸಿಗುತ್ತವೆ. ನಡುವಿನ ಎರಡು ಅಡ್ಡ-ಉದ್ದದ ತಾಳೆ. ಕೊನೆಯದು ವ್ಯತ್ಯಾಸವನ್ನು ಪೈಸೆಗೆ ತಿರುಗಿಸಿ 9ರಿಂದ ಭಾಗಿಸಿ ಶೇಷ ತೋರಿಸುತ್ತದೆ. E21ರಲ್ಲಿ ವ್ಯತ್ಯಾಸ ಇದ್ದು E24ರಲ್ಲಿ ಸೊನ್ನೆ ಬಂದರೆ ಅಂಕಿ ಅದಲುಬದಲಿನ ಅನುಮಾನ ಪಡಬೇಕು.

ಯಾವ ಸಾಲು?

ವಡಗಾವಿ ಕಂಬದಲ್ಲಿ ತುಂಬಿಸಿದ್ದ ಅಂಕಿಗಳು ಇವು:

| ಆಸ್ತಿ | ರೂ. | ಜವಾಬ್ದಾರಿ, ಬಂಡವಾಳ | ರೂ. |
|---|---|---|---|
| ನಗದು | 1,67,420 | ಷೇರು ಬಂಡವಾಳ | 6,20,000 |
| ಬ್ಯಾಂಕು, ಹೂಡಿಕೆ | 12,45,000 | ಠೇವಣಿಗಳು | 71,38,640 |
| ಸಾಲ ಬಾಕಿ | 63,48,270 | ಕೊಡತಕ್ಕ ಬಡ್ಡಿ | 2,15,460 |
| ಬರತಕ್ಕ ಬಡ್ಡಿ | 1,94,210 | ಲಾಭ | 1,26,800 |
| ಡೆಡ್‌ಸ್ಟಾಕ್ | 1,10,000 | | |
| ಒಟ್ಟು | 80,64,900 | ಒಟ್ಟು | 81,00,900 |

ಹತ್ತು ಸಾವಿರ ಮತ್ತು ಸಾವಿರದ ಸ್ಥಾನದ ಅಂಕಿಗಳನ್ನಷ್ಟೇ ಓದುತ್ತಾ ಬನ್ನಿ. ನಗದು 6, 7. ಅಂತರ ಒಂದು, ಬಿಡಿ. ಬ್ಯಾಂಕು 4, 5. ಬಿಡಿ. ಸಾಲ ಬಾಕಿ 4, 8. ಅಂತರ ನಾಲ್ಕು, ಇದನ್ನು ಗುರುತು ಹಾಕಿ. ಬರತಕ್ಕ ಬಡ್ಡಿ 9, 4, ಅಂತರ ಐದು. ಡೆಡ್‌ಸ್ಟಾಕ್ 1, 0. ಆ ಕಡೆ ಷೇರು 2, 0. ಠೇವಣಿ 3, 8. ಕೊಡತಕ್ಕ ಬಡ್ಡಿ 1, 5, ಇಲ್ಲೂ ಅಂತರ ನಾಲ್ಕು. ಲಾಭ 2, 6, ಇಲ್ಲೂ ನಾಲ್ಕು.

ಮೂರು ಸಾಲು ಉಳಿದವು. ಕಡಿಮೆ ಇರುವ ಕಡೆ ಯಾವುದು ಅಂತ ಮೊದಲೇ ಬರೆದಿಟ್ಟುಕೊಂಡದ್ದು ಈಗ ಕೆಲಸಕ್ಕೆ ಬರುತ್ತದೆ. ಆಸ್ತಿ ಕಡಿಮೆ ಇದೆ. ತಪ್ಪು ಆಸ್ತಿಯಲ್ಲಿದ್ದರೆ ಆ ಅಂಕಿ ತಿರುವಿದಾಗ ದೊಡ್ಡದಾಗಬೇಕು. ತಪ್ಪು ಇನ್ನೊಂದು ಕಡೆ ಇದ್ದರೆ ತಿರುವಿದಾಗ ಸಣ್ಣದಾಗಬೇಕು. ಕೊಡತಕ್ಕ ಬಡ್ಡಿಯ 15 ತಿರುವಿದರೆ 51, ಲಾಭದ 26 ತಿರುವಿದರೆ 62. ಎರಡೂ ದೊಡ್ಡದಾಗುತ್ತವೆ, ವ್ಯತ್ಯಾಸ 36,000ದಿಂದ 72,000ಕ್ಕೆ ಏರುತ್ತದೆ. ಅವೆರಡೂ ಅಲ್ಲ. ಉಳಿದದ್ದು ಸಾಲ ಬಾಕಿ ಒಂದೇ: 63,48,270 ಅಲ್ಲ, 63,84,270 ಇರಬೇಕು.

"ಇರಬೇಕು" ಅನ್ನೋ ಹಂತದಲ್ಲೇ ಅಂಕಿ ತಿದ್ದಬಾರದು. ಇದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಲೆಕ್ಕಾಚಾರ ತೋರಿಸಿದ್ದು ಎಲ್ಲಿ ನೋಡಬೇಕು ಅನ್ನೋದನ್ನು ಮಾತ್ರ. ಅಂಕಿ ಏನು ಅನ್ನೋದನ್ನು ಮೂಲ ಪಟ್ಟಿಯೇ ಹೇಳಬೇಕು. ವಡಗಾವಿ ಶಾಖೆಗೆ ಫೋನ್ ಮಾಡಿ, "ಅಕ್ಕಾರ, ಮಾರ್ಚ್ ಅಖೇರಿ ಸಾಲದ ಬಾಕಿ ಪಟ್ಟಿ ಒಟ್ಟು ಒಂದೊಂದ ಅಂಕಿ ಬಿಡಿಸಿ ಹೇಳ್ರಿ" ಅಂದೆ.

"ಆರು, ಮೂರು, ಎಂಟು, ನಾಕು, ಎರಡು, ಏಳು, ಸೊನ್ನಿ."

ಆ ಪಟ್ಟಿಯ ಪ್ರತಿಯನ್ನೂ ತರಿಸಿಕೊಂಡು, ಅಂಕಿ ತಿದ್ದಿ, ಹಾಳೆಯ ಪಕ್ಕ ಯಾವ ಪಟ್ಟಿ ನೋಡಿ ತಿದ್ದಿದ್ದು ಅಂತ ಬರೆದು ಸಹಿ ಹಾಕಿದೆ. ಎರಡೂ ಕಡೆ 2,58,68,200. ಶಾಖಾವಾರು ತಾಳೆ ಮೂರೂ ಸೊನ್ನೆ.

ಅಂಕಿ ತಿರುವಿದ್ದು ಎಲ್ಲಿ?

ಬೆಳಗಾವಿಯಲ್ಲಿ ಲೆಕ್ಕ ಬರೆಯುವವರಿಗೆ ಈ ಭಾಗ ಬೇಕೇಬೇಕು. ವಡಗಾವಿ ಶಾಖೆಯಿಂದ ಅಂಕಿಗಳನ್ನು ಮೊದಲ ಸಲ ಫೋನಿನಲ್ಲೇ ಬರೆದುಕೊಂಡಿದ್ದರು. ಹೇಳಿದವರು ಮರಾಠಿಯಲ್ಲಿ ಹೇಳಿದ್ದರು, ಬರೆದ ಹುಡುಗ ಕನ್ನಡದವನು. ಮರಾಠಿ ಅವನಿಗೆ ಚೆನ್ನಾಗೇ ಬರುತ್ತದೆ. ಆದರೆ ಕನ್ನಡದಲ್ಲಿ ನಾವು ಎಂಬತ್ನಾಲ್ಕು ಅನ್ನುವಾಗ ಹತ್ತರ ಅಂಕಿ ಮೊದಲು ಬರುತ್ತದೆ, ಬಿಡಿ ಆಮೇಲೆ. ಕೇಳುತ್ತಾ ಹೋದಂತೆ 8, ಆಮೇಲೆ 4 ಅಂತ ಕೈ ಬರೆಯುತ್ತದೆ. ಮರಾಠಿಯ ಚೌರ್‍ಯಾಐಂಶಿಯಲ್ಲಿ ನಾಲ್ಕು ಮೊದಲು, ಎಂಬತ್ತು ಆಮೇಲೆ. ಹಿಂದಿಯ ಚೌರಾಸಿಯೂ ಅಷ್ಟೇ. "ಚೌ" ಅಂತ ಕಿವಿಗೆ ಬಿದ್ದ ಕೂಡಲೇ ಕೈ 4 ಬರೆದುಬಿಟ್ಟರೆ ಮುಗಿಯಿತು, ಪಕ್ಕದಲ್ಲಿ 8 ಬಂದು ಕೂರುತ್ತದೆ. ಆ ಹುಡುಗನನ್ನು ಕೂರಿಸಿಕೊಂಡು ಪೆನ್ಸಿಲ್‌ನಲ್ಲಿ ಬರೆದುಕೊಂಡ ಹಾಳೆ ನೋಡಿದೆವು. ಅಲ್ಲಿಯೇ 63,48,270 ಇತ್ತು. ಎಕ್ಸೆಲ್‌ಗೆ ತುಂಬಿಸಿದವರದು ತಪ್ಪೇನಿರಲಿಲ್ಲ.

ಅದಕ್ಕಾಗಿ ಫೋನಿನಲ್ಲಿ ಅಂಕಿ ತಗೊಳ್ಳುವಾಗ ಯಾವ ಭಾಷೆಯಾದರೂ ಇರಲಿ, ಬಿಡಿ ಅಂಕಿಯಾಗಿಯೇ ಹೇಳಿಸಬೇಕು, ಬರೆದವರು ಹಾಗೆಯೇ ತಿರುಗಿ ಓದಿ ಹೇಳಬೇಕು. ಪಟ್ಟಿಯ ಫೋಟೋ ತರಿಸಿಕೊಂಡರೆ ಇನ್ನೂ ಒಳ್ಳೆಯದು. ಈ ಸಂಘದಲ್ಲಿ ಈಗ ಹಾಗೇ ಮಾಡುತ್ತಿದ್ದಾರೆ. ವಾರ್ಷಿಕ ವರದಿಯ ಪ್ರೂಫ್ ಪ್ರೆಸ್ಸಿನಿಂದ ಬಂದಾಗಲೂ ಇದೇ ಕ್ರಮ. ಒಬ್ಬರು ಮೂಲ ಹಾಳೆಯಿಂದ ಬಿಡಿ ಅಂಕಿ ಓದುತ್ತಾರೆ, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟು ನೋಡುತ್ತಾರೆ. ಪ್ರೆಸ್ಸಿನಲ್ಲಿ ಒಟ್ಟನ್ನೂ ಕೈಯಿಂದಲೇ ಟೈಪ್ ಮಾಡುತ್ತಾರಲ್ವಾ, ಹಾಗಾಗಿ ಅಚ್ಚಿನ ಪ್ರತಿಯ ಅಂಕಿಗಳನ್ನು ಕ್ಯಾಲ್ಕ್ಯುಲೇಟರ್‌ನಲ್ಲಿ ಇನ್ನೊಂದು ಸಲ ಅಡ್ಡಕ್ಕೂ ಉದ್ದಕ್ಕೂ ಕೂಡಿಸಲೇಬೇಕು.

ತಾಳೆ ಆದರೂ ಉಳಿಯುವ ತಪ್ಪು

ಈ ಇಡೀ ವಿಧಾನ ಹಿಡಿಯುವುದು ಒಂದೇ ಕಡೆ ಆದ ತಪ್ಪನ್ನು. ಎರಡು ಕೋಶದಲ್ಲಿ ಅಂಕಿ ತಿರುವಿದ್ದರೆ ವ್ಯತ್ಯಾಸ 9ರಿಂದ ಭಾಗವೇನೋ ಆಗುತ್ತದೆ, ಆದರೆ ಯಾವ ಸ್ಥಾನ, ಎಷ್ಟು ಅಂತರ ಅನ್ನೋದು ಕಲಸಿಹೋಗುತ್ತದೆ. ಆ ಎರಡು ತಪ್ಪು ಬೇರೆಬೇರೆ ಶಾಖೆಯಲ್ಲಿದ್ದರೆ ಕಂಬದ ತಾಳೆ ಅವನ್ನು ಬೇರೆ ಮಾಡಿಕೊಡುತ್ತದೆ. ಒಂದೇ ಕಂಬದಲ್ಲಿದ್ದರೆ ಪ್ರತಿ ಬಾಬ್ತನ್ನೂ ಅದರ ಮೂಲ ಪಟ್ಟಿಯ ಜೊತೆ ಹೋಲಿಸುವುದು ಬಿಟ್ಟು ದಾರಿ ಇಲ್ಲ.

ಅದಕ್ಕಿಂತ ಗಂಭೀರವಾದದ್ದು ಮೂಲ ನಮೂದಿನಲ್ಲೇ ಅಂಕಿ ತಿರುವಿದ್ದು. ಸದಸ್ಯರೊಬ್ಬರು ಸಾಲದ ಕಂತು 5,400 ಕಟ್ಟಿದರು, ಕಿರ್ದಿಯಲ್ಲಿ 4,500 ಅಂತ ಬಿತ್ತು ಅಂದುಕೊಳ್ಳಿ. ನಗದಿನಲ್ಲಿ ಏರಿದ್ದು 4,500, ಸಾಲ ಬಾಕಿಯಲ್ಲಿ ಇಳಿದದ್ದೂ 4,500. ಅಢಾವೆ ಪತ್ರಿಕೆ ಪೈಸೆಗೆ ಪೈಸೆ ಕೂಡುತ್ತದೆ. ಇದು ಸಿಗುವುದು ಸಂಜೆ ಪೆಟ್ಟಿಗೆಯ ಹಣ ಎಣಿಸಿದಾಗ, ಪುಸ್ತಕಕ್ಕಿಂತ 900 ಜಾಸ್ತಿ ಬಂದಾಗ. 900 ÷ 9 = 100. ಅಂತರ ಒಂದು, ಸ್ಥಾನ ನೂರು ಮತ್ತು ಸಾವಿರ. ಆ ದಿನದ ರಸೀದಿ ಪುಸ್ತಕದ ಅಡಿಪ್ರತಿಗಳಲ್ಲಿ ಆ ಎರಡು ಸ್ಥಾನ ನೋಡುತ್ತಾ ಹೋದರೆ 5,400 ಎದುರಿಗೆ ಬರುತ್ತದೆ. ಅದೇ ಕಂತು ಸದಸ್ಯರ ಉಳಿತಾಯ ಖಾತೆಯಿಂದ ವರ್ಗಾವಣೆ ಆಗಿದ್ದರೆ ಪೆಟ್ಟಿಗೆಯಲ್ಲೂ ಸುಳಿವು ಇರುವುದಿಲ್ಲ. ಆಗ ಸದಸ್ಯರು ಬರೆದುಕೊಟ್ಟ ವರ್ಗಾವಣೆ ಚೀಟಿಯನ್ನು ಎರಡೂ ಖಾತೆಗಳ ಎದುರು ಇಟ್ಟು ಓದಬೇಕು.